ಬೀಗರ ಎದುರಿಗೆ ಹೇಳಬಹುದಾದ ಕಥೆಯಷ್ಟೇ ಪರದೆಗೆ ಬರಲಿ

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಶಿಕ್ಷಕಿ. ನಮ್ಮ ಡಿ ಗ್ರೂಪ್ ನೌಕರರು, ಎಲ್ಲರೂ 'ಕಾಕಾ' ಅಂತಲೇ ಕರೆಯುವವರು, ಮೇ 31ಕ್ಕೆ ನಿವೃತ್ತರಾಗುತ್ತಾರೆ. 1992ರಿಂದ ಇದೇ ಶಾಲೆಯಲ್ಲಿದ್ದಾರೆ. ಫೋಟೋ, ಸಣ್ಣ ಸಣ್ಣ ಘಟನೆ ಸೇರಿಸಿ ಸ್ಲೈಡ್ ಶೋ ಮಾಡೋ ಕೆಲಸ ನನ್ನ ಪಾಲಿಗೆ ಬಂದಿದೆ. ಅವರ ಫೋಟೋನೇ ಸಿಗ್ತಿಲ್ಲ. ಘಟನೆ ಕೇಳಿದರೆ ಎಲ್ಲರೂ 'ಬಾಳ ಒಳ್ಳೆ ಮನುಷ್ಯ' ಅಂತ ಕಳಿಸ್ತಾರೆ. ಒಬ್ಬ ಹಳೆ ವಿದ್ಯಾರ್ಥಿನಿ ಮಾತ್ರ 'ಪರೀಕ್ಷೆ ದಿನ ನನ್ನ ಹಾಲ್ ಟಿಕೆಟ್ ತಂದುಕೊಟ್ಟಿದ್ರು' ಅಂತ ಒಂದು ಸಾಲು ಬರೆದಿದ್ದಾಳೆ. ಹೆಡ್ ಮಾಸ್ತರ್ರು, ಒಂದು ಸಲ ಕಾಕಾ ಕುಡಿದು ಮಲಗಿ ಗಂಟೆ ಹೊಡೆಯದೇ ಇದ್ದ ಕಥೆ ಹಾಕಲೇಬೇಕು, ಜನ ನಗ್ತಾರೆ ಅಂತಾರೆ. ಮುಂದಿನ ಸಾಲಿನಲ್ಲಿ ಅವರ ಮಗಳು, ಅಳಿಯ, ಬೀಗರು ಕೂತಿರ್ತಾರೆ. ಬೇಡ ಅನ್ನೋಕೆ ಧೈರ್ಯ ಸಾಲದು. ಏನು ಮಾಡಲಿ?

ಉತ್ತರ: ಅಕ್ಕೋರೆ, ಆ ಕಥೆ ಹಾಕಬೇಡಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ನಮ್ಮ ಕಡೆ ಬೀಗರ ಎದುರಿಗೆ ಏನು ಹೇಳಬಹುದು, ಏನು ಹೇಳಬಾರದು ಅಂತ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಒಂದು ಘಟನೆ ಸ್ಲೈಡಿಗೆ ಬರಬೇಕೋ ಬೇಡವೋ ಅನ್ನೋದಕ್ಕೆ ಅದನ್ನೇ ಅಳತೆಗೋಲು ಮಾಡಿಕೊಳ್ಳಿ: ಇದನ್ನು ಕಾಕಾ ತಾವೇ ತಮ್ಮ ಬೀಗರ ಎದುರಿಗೆ ಕೂತು ನಗ್ತಾ ಹೇಳ್ತಾರಾ? ಹೇಳ್ತಾರೆ ಅಂದ್ರೆ ಹಾಕಿ. ಇಲ್ಲ ಅಂದ್ರೆ ಅದು ಅವರ ಕಥೆ ಅಲ್ಲ, ಅವರ ಮೇಲೆ ಬೇರೆಯವರು ಹೇಳೋ ಕಥೆ.

ಹೆಡ್ ಮಾಸ್ತರ್ರಿಗೆ ಎಲ್ಲರ ಎದುರಿಗೆ ಹೇಳೋಕೆ ಹೋಗಬೇಡಿ. ಒಬ್ಬರೇ ಇದ್ದಾಗ ಹೋಗಿ, 'ಸರ್, ಅವತ್ತು ಅವರ ಬೀಗರು ಮುಂದೇ ಕೂತಿರ್ತಾರೆ, ಮಗಳಿಗೆ ತಲೆ ಎತ್ತೋಕೆ ಆಗಲ್ಲ, ಇದೊಂದನ್ನ ಬಿಡೋಣ' ಅನ್ನಿ. ಅಷ್ಟೇ ಸಾಕು, ಜಾಸ್ತಿ ವಾದ ಬೇಡ. ಅದರ ಜೊತೆಗೆ ಅವರ ಕೈಗೆ ಇನ್ನೊಂದು ಕೆಲಸ ಕೊಡಿ: ಕಾಕಾ ಈ ಶಾಲೆಗೆ ಹಾಜರಾದ ದಿನದ ಸ್ಲೈಡನ್ನು ಅವರೇ ಮೈಕಿನಲ್ಲಿ ಓದಲಿ. ಕಥೆ ಕಸಿದುಕೊಂಡು ಕೈ ಖಾಲಿ ಬಿಟ್ಟರೆ, ಅದನ್ನೇ ಭಾಷಣದಲ್ಲಿ ಹೇಳಿಬಿಡ್ತಾರೆ. ಇದೇ ಕಾರಣಕ್ಕೆ ಸ್ಲೈಡ್ ಶೋ ಭಾಷಣಗಳಿಗಿಂತ ಮೊದಲು ಇಡಿ, ಕೊನೆಗೆ ಬೇಡ. ಜನ ಮೊದಲು ಕಾಕಾ ಮಾಡಿದ ಕೆಲಸ ನೋಡಿದ ಮೇಲೆ, ಆಮೇಲೆ ಮಾತಾಡುವವರು ತಾವಾಗಿಯೇ ಹದ ತಪ್ಪದ ಹಾಗೆ ಮಾತಾಡ್ತಾರೆ.

ಇನ್ನು ಫೋಟೋ. ಜವಾನರ ಫೋಟೋ ಸಿಗದೇ ಇರೋದು ಸಹಜ, ಯಾಕಂದ್ರೆ ಕ್ಯಾಮೆರಾ ಬಂದಾಗೆಲ್ಲ ಅವರು ಕುರ್ಚಿ ಹಾಕ್ತಿರ್ತಾರೆ. ಆದರೆ ಒಂದು ಕಡೆ ಅವರು ಇದ್ದೇ ಇರ್ತಾರೆ: ಪ್ರತಿ ವರ್ಷದ ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ. ಸಾಮಾನ್ಯವಾಗಿ ಹಿಂದಿನ ಸಾಲಿನ ತುದಿಗೆ, ಅಥವಾ ಕುಳಿತವರ ಪಕ್ಕ ಒಂಚೂರು ದೂರ. ಶಾಲೆಯ ಗೋಡೆಯಲ್ಲಿ ಕೆಲವು ಇರ್ತವೆ, ಉಳಿದದ್ದು ಹಳೆ ವಿದ್ಯಾರ್ಥಿಗಳ ಮನೆಯಲ್ಲಿ. ಅವರಿಗೆ 'ಕಾಕಾ ಅವರ ಫೋಟೋ ಇದ್ದರೆ ಕಳಿಸಿ' ಅಂತ ಕೇಳಿದರೆ ಇಲ್ಲ ಅಂತಾರೆ. 'ನಿಮ್ಮ ಬ್ಯಾಚಿನ ಗ್ರೂಪ್ ಫೋಟೋ ಕಳಿಸಿ' ಅಂತ ಕೇಳಿ, ಎಲ್ಲರೂ ಕಳಿಸ್ತಾರೆ. ಐದಾರು ವರ್ಷಕ್ಕೊಂದು ಆರಿಸಿಕೊಳ್ಳಿ. ಮೊದಲು ಪೂರ್ತಿ ಫೋಟೋ ತೋರಿಸಿ, ಮುಂದಿನ ಸ್ಲೈಡಿನಲ್ಲಿ ತುದಿಗೆ ನಿಂತ ಕಾಕಾ ಅವರನ್ನಷ್ಟೇ ದೊಡ್ಡದು ಮಾಡಿ. ಹೀಗೆ ಬೇರೆ ಬೇರೆ ವರ್ಷದವು ಸಾಲಾಗಿ ಬಂದಾಗ, ಮಕ್ಕಳು ಬದಲಾಗ್ತಾರೆ, ಮಾಸ್ತರ್ರು ಬದಲಾಗ್ತಾರೆ, ಆ ತುದಿ ಮಾತ್ರ ಬದಲಾಗಲ್ಲ. ಅಲ್ಲಿ ಮಾತು ಬೇಡ, ಇಸವಿ ಮಾತ್ರ ಸಾಕು. ನನ್ನ ಪ್ರಕಾರ ಇಡೀ ಕಾರ್ಯಕ್ರಮದಲ್ಲಿ ಜನರ ಮನಸ್ಸಿಗೆ ನಾಟೋದು ಇದೇ ಭಾಗ.

ಫ್ರೇಮಿನಲ್ಲಿರೋ ಫೋಟೋ ಮೊಬೈಲಿನಲ್ಲಿ ತೆಗೆಯುವಾಗ ಗಾಜಿನಿಂದ ಹೊರಗೆ ತೆಗೆದು, ಕಿಟಕಿ ಹತ್ತಿರ ಬಿಸಿಲು ನೇರ ಬೀಳದ ಕಡೆ ಮೇಜಿನ ಮೇಲಿಟ್ಟು, ಫ್ಲ್ಯಾಷ್ ಆಫ್ ಮಾಡಿ, ಮೊಬೈಲು ಫೋಟೋಗೆ ಸಮನಾಗಿ ಹಿಡಿದು ತೆಗೀರಿ. ಗಾಜಿಗೆ ಫೋಟೋ ಅಂಟಿಕೊಂಡಿದ್ದರೆ ಎಳೆಯಬೇಡಿ, ಬಣ್ಣ ಕಿತ್ತು ಬರುತ್ತೆ. ಹಾಗಿದ್ದಾಗ ಗಾಜಿನ ಮೇಲಿಂದಲೇ, ಹೊಳಪು ಬೀಳದ ಕೋನದಲ್ಲಿ ತೆಗೆದುಕೊಳ್ಳಿ. ಊರ ಹೊರಗಿನವರು ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ. ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ ಬರುತ್ತೆ. ಮೊಬೈಲಿನಲ್ಲಿ ಚೆನ್ನಾಗಿಯೇ ಕಾಣುತ್ತೆ, ಆದರೆ ತುದಿಗೆ ನಿಂತವರನ್ನು ದೊಡ್ಡದು ಮಾಡಿದಾಗ ಮುಖವೇ ಇರಲ್ಲ.

ಫೋಟೋ ಇಲ್ಲದ ಘಟನೆಗೆ ಅವರು ದಿನಾ ಮುಟ್ಟಿದ ವಸ್ತುಗಳನ್ನು ಈಗ ತೆಗೀರಿ. ಗಂಟೆ, ಬೀಗದ ಕೈ ಗೊಂಚಲು, ಸೈಕಲ್ಲು, ಅವರು ನೆಟ್ಟ ಗಿಡ ಇದ್ದರೆ ಅದು. ಇಂಟರ್ನೆಟ್ಟಿನಿಂದ ಯಾವುದೋ ಶಾಲೆ ಗಂಟೆಯ ಚಿತ್ರ ತಂದು ಹಾಕಬೇಡಿ, ಊರಿನವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತೆ.

ಈಗ ಘಟನೆಗಳಿಗೆ ಬರ್ತೀನಿ, ನಿಜವಾದ ಕೆಲಸ ಇರೋದು ಇಲ್ಲೇ. 'ಒಳ್ಳೆ ಮನುಷ್ಯ' ಅಂತ ಬಂದದ್ದನ್ನು ಪರದೆಗೆ ಹಾಕಿದರೆ ಅದು ಯಾರ ನಿವೃತ್ತಿಗಾದರೂ ಆಗುತ್ತೆ. ಬರೆದವರಿಗೆ ಫೋನ್ ಮಾಡಿ ಕೇಳಬೇಕು. ಹಾಲ್ ಟಿಕೆಟ್ ಹುಡುಗಿಗೆ ಮೊದಲು ಮಾಡಿ. ಅವತ್ತು ಯಾವ ವಿಷಯದ ಪರೀಕ್ಷೆ? ನೀನು ಎಲ್ಲಿ ನಿಂತಿದ್ದೆ? ಕಾಕಾ ಹೇಗೆ ಹೋದರು, ಎಷ್ಟು ದೂರ? ಬಂದ ಮೇಲೆ ಏನಂದ್ರು? ಈ ಕೊನೆ ಪ್ರಶ್ನೆ ಬಿಡಲೇಬೇಡಿ. ಮನುಷ್ಯ ಆಡಿದ ಒಂದು ಮಾತು ಸಿಕ್ಕರೆ ಇಡೀ ಘಟನೆಗೆ ಜೀವ ಬರುತ್ತೆ. ಆಕೆ ಉತ್ತರ ಕೊಟ್ಟಳು ಅಂದುಕೊಳ್ಳಿ, ಆಗ ಸ್ಕ್ರಿಪ್ಟ್ ಹೀಗೆ ಬರಬಹುದು:

'ಗಣಿತದ ಪರೀಕ್ಷೆ. ಗೇಟಿನ ಹತ್ತಿರ ಒಬ್ಬಳು ಹುಡುಗಿ ಅಳ್ತಾ ನಿಂತಿದ್ದಳು. ಹಾಲ್ ಟಿಕೆಟ್ ಮನೆಯಲ್ಲಿ. ಮನೆ ಮುಂದಿನ ಊರಿನಲ್ಲಿ. ಕಾಕಾ ಸೈಕಲ್ ತೆಗೆದರು. "ನೀ ಅಳಬ್ಯಾಡ, ನೆಳ್ಳಾಗ ಕುಂದ್ರು, ನಾ ತರ್ತೀನಿ" ಅಂದರು. ಗಂಟೆ ಹೊಡೆಯುವ ಹೊತ್ತಿಗೆ ವಾಪಸ್ ಬಂದು, ಚೀಟಿ ಅವಳ ಕೈಗಿಟ್ಟು, ಗಂಟೆಯನ್ನೂ ಅವರೇ ಹೊಡೆದರು.'

ನೋಡಿ, ಇದರಲ್ಲಿ ಎಲ್ಲೂ ಹೊಗಳಿಕೆ ಇಲ್ಲ. 'ಸಹಾಯ ಗುಣ' ಅನ್ನೋ ಮಾತೂ ಇಲ್ಲ. ಅವರು ಮಾಡಿದ್ದು ಇದೆ, ಆಡಿದ್ದು ಇದೆ, ಅಷ್ಟೇ. ಆಡಿದ ಮಾತನ್ನು ಅವರು ಆಡಿದ ಹಾಗೇ ಇಡಿ, ಪುಸ್ತಕದ ಕನ್ನಡ ಮಾಡಬೇಡಿ. ಆದರೆ ಉಳಿದ ಕಡೆ ಎಲ್ಲ 'ಬಂದರು, ಹೋದರು' ಅಂತಲೇ ಇರಲಿ. ಶಿಕ್ಷಕರು ಕಳಿಸಿದ್ದರಲ್ಲಿ 'ಕರೆದ ಕೂಡಲೇ ಓಡಿ ಬರ್ತಿದ್ದ' ಅಂತ ಇರುತ್ತೆ, ಅದು ಹಾಗೇ ಪರದೆಗೆ ಹೋದರೆ ಅವರ ಮೊಮ್ಮಕ್ಕಳು ಓದ್ತಾರೆ. ಜೊತೆಗೆ 'ಓಡಿ ಬಂದರು' ಅನ್ನೋ ಘಟನೆಗಳೇ ಜಾಸ್ತಿ ಆಗಿವೆಯಾ ಅಂತಲೂ ನೋಡಿ. ಅವರು ತಾವೇ ಯೋಚಿಸಿ ಮಾಡಿದ್ದು, ಯಾರೂ ಹೇಳದೇ ಮಾಡಿದ್ದು, ಯಾರಿಗಾದರೂ ಗದರಿಸಿದ್ದು ಕೂಡ ಬೇಕು. ನಗುವಿಗೂ ಅಂಥದ್ದನ್ನೇ ಹುಡುಕಿ. ತಡವಾಗಿ ಬಂದ ಮಾಸ್ತರ್ರನ್ನು ಅವರು ಗೇಟಿನಲ್ಲಿ ಹೇಗೆ ನೋಡ್ತಿದ್ದರು ಅಂತ ಒಬ್ಬ ಮಾಸ್ತರ್ರೇ ಎದ್ದು ಹೇಳಿದರೆ ಜನ ಚೆನ್ನಾಗಿ ನಗ್ತಾರೆ, ಕಾಕಾ ಎಲ್ಲರಿಗಿಂತ ಜಾಸ್ತಿ ನಗ್ತಾರೆ.

ಮೊದಲ ಸ್ಲೈಡಿಗೆ ಒಂದು ವಿಷಯ ಕೇಳಿ ನೋಡಿ. ಮೇ 31ಕ್ಕೆ ನಿವೃತ್ತಿ ಅಂದ್ರೆ ದಾಖಲೆಯಲ್ಲಿ ಅವರ ಹುಟ್ಟಿದ ದಿನ ಮೇ 2ರಿಂದ 31ರ ಒಳಗಿರಬೇಕು, ಇಲ್ಲಾ ಜೂನ್ 1 ಇರಬೇಕು. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆ ದಿನವೇ ನಿವೃತ್ತರಾಗ್ತಾರೆ. ನಮ್ಮ ಹಿರಿಯರಲ್ಲಿ ಎಷ್ಟೋ ಜನರಿಗೆ ಶಾಲೆಗೆ ಸೇರಿಸುವಾಗ ಮಾಸ್ತರ್ರು ಬರೆದ ತಾರೀಖೇ ಜೂನ್ 1. ಕಾಕಾ ಅವರದ್ದೂ ಹಾಗೇ ಆಗಿದ್ದರೆ, ಅವರ ಹುಟ್ಟಿದ ದಿನವನ್ನು ಬರೆದದ್ದೂ ಒಂದು ಶಾಲೆ, ಬೀಳ್ಕೊಡುತ್ತಿರುವುದೂ ಒಂದು ಶಾಲೆ. ಶುರು ಮಾಡೋಕೆ ಇದಕ್ಕಿಂತ ಒಳ್ಳೆ ಮಾತು ಬೇಕಾ? ಹಾಜರಾದ ತಾರೀಖನ್ನು ಮಾತ್ರ ಬಾಯಿಮಾತಿನಲ್ಲಿ ನಂಬದೇ ಸೇವಾ ಪುಸ್ತಕ ನೋಡಿ ಬರೆಯಲು ಕಚೇರಿಯವರಿಗೆ ಹೇಳಿ. ಅದರಲ್ಲಿರೋ ಬೇರೆ ಯಾವುದೂ ನಿಮಗೆ ಬೇಡ.

ಅಳತೆ ಹೇಳ್ತೀನಿ. ಒಟ್ಟು ಹತ್ತು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ಒಂದು ಘಟನೆಗೆ ಮೂವತ್ತರಿಂದ ನಲವತ್ತು ಪದ, ನಿಧಾನವಾಗಿ ಓದಿದರೆ ಸುಮಾರು ಅರ್ಧ ನಿಮಿಷ. ಅಂಥವು ಎಂಟು ಇದ್ದರೆ ನಾಲ್ಕು ನಿಮಿಷ ಆಯಿತು. ಉಳಿದದ್ದು ಮಾತಿಲ್ಲದ ಫೋಟೋಗಳಿಗೆ, ಒಂದೊಂದಕ್ಕೆ ಆರೇಳು ಸೆಕೆಂಡ್. ಗ್ರೂಪ್ ಫೋಟೋಗೆ ಮಾತ್ರ ಹತ್ತು ಸೆಕೆಂಡ್ ಬೇಕು, ಜನ ತಮ್ಮ ಮುಖ ಹುಡುಕ್ತಾರೆ. ಪರದೆ ಮೇಲೆ ಒಂದು ಸಾಲು ಇರಲಿ, ಉಳಿದದ್ದನ್ನು ಒಬ್ಬರು ಓದಲಿ. ಹಾಲ್ ಟಿಕೆಟ್ ಹುಡುಗಿ ಬರೋದಾದರೆ ಅವಳದ್ದನ್ನು ಅವಳೇ ಓದಲಿ.

ಕನ್ನಡ ಅಕ್ಷರದ್ದೊಂದು ತೊಂದರೆ ಇದೆ. ಕಚೇರಿಯ ಕಂಪ್ಯೂಟರಿನಲ್ಲಿ ಹಳೆಯ ನುಡಿ ಅಥವಾ ಬರಹ ಅಕ್ಷರದಲ್ಲಿ ಟೈಪ್ ಮಾಡಿ, ಕಾರ್ಯಕ್ರಮದ ದಿನ ಬೇರೆಯವರ ಲ್ಯಾಪ್‌ಟಾಪಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತೆ. ಯುನಿಕೋಡಿನಲ್ಲಿ ಟೈಪ್ ಮಾಡಿ, ಆಮೇಲೆ ಪವರ್‌ಪಾಯಿಂಟಿನಲ್ಲಿ `File > Export > Create a Video` ಒತ್ತಿ ವಿಡಿಯೋ ಮಾಡಿಟ್ಟುಕೊಳ್ಳಿ. ಆದರೆ ವಿಡಿಯೋ ಯಾರಿಗೂ ಕಾಯಲ್ಲ, ಓದುವವರು ಗಂಟಲು ತುಂಬಿ ನಿಂತರೆ ಅದು ಮುಂದೆ ಹೋಗುತ್ತೆ. ಅದಕ್ಕೇ ಸ್ಲೈಡುಗಳನ್ನು ಕೈಯಿಂದಲೇ ಮುಂದಕ್ಕೆ ಒತ್ತಲಿ, ವಿಡಿಯೋ ತೊಂದರೆ ಬಂದಾಗಿನ ದಾರಿ. ಮೇ ತಿಂಗಳ ಬಿಸಿಲಿಗೆ ಪ್ರೊಜೆಕ್ಟರ್ ಬೆಳಕು ಸೋಲುತ್ತೆ, ಹಾಗಾಗಿ ಹಿಂದಿನ ದಿನ ಅದೇ ಹೊತ್ತಿಗೆ, ಅದೇ ಕೋಣೆಯಲ್ಲಿ ಹಾಕಿ, ಕೊನೆ ಸಾಲಿನಲ್ಲಿ ಕೂತು ನೋಡಿ. ಕಪ್ಪು ಹಿನ್ನೆಲೆ, ದಪ್ಪ ಬಿಳಿ ಅಕ್ಷರ ಇದ್ದರೆ ಒಳ್ಳೇದು. ಸಂಜೆ ಗಾಳಿ ಮಳೆ ಬಂದು ಕರೆಂಟ್ ಹೋಗೋ ಕಾಲ ಅದು, ಸ್ಕ್ರಿಪ್ಟನ್ನು ಕಾಗದದಲ್ಲಿ ಇಟ್ಟುಕೊಳ್ಳಿ. ಪ್ರತಿ ಪ್ಯಾರಾದ ಪಕ್ಕ ಫೋಟೋ ನಂಬರ್ ಬರೆದಿರಲಿ.

ಎಲ್ಲ ಸಿದ್ಧವಾದ ಮೇಲೆ ಅವರ ಮಗಳಿಗೆ ಒಮ್ಮೆ ತೋರಿಸಿ. ಅಚ್ಚರಿ ಕಾಕಾ ಅವರಿಗೆ ಇರಲಿ, ಮನೆಯವರಿಗೆ ಬೇಡ. ಹೆಸರು ಸರಿ ಇದೆಯಾ, ಯಾವ ಫೋಟೋ ನೋಡಿದರೆ ಅಪ್ಪ ನೊಂದುಕೊಳ್ತಾರೆ, ಈಗಿಲ್ಲದವರ ಫೋಟೋ ಹಾಕಬೇಕಾ ಬೇಡವಾ, ಇಷ್ಟು ಕೇಳಿ. ಕೊನೆಗೆ ಮೈಕ್ ಕಾಕಾ ಕೈಗೆ ಹೋಗಬೇಕು ಅಂತಿದ್ದರೆ ಅದನ್ನು ಅವರಿಗೆ ಮೊದಲೇ ಹೇಳಿರಿ. ಮಾತು ಬೇಡ ಅಂದರೆ ಒತ್ತಾಯ ಮಾಡಬೇಡಿ, ಕೊನೆಯ ಗಂಟೆ ಹೊಡೆಯೋಕೆ ಇಷ್ಟ ಇದೆಯಾ ಅಂತ ಕೇಳಿ. ಹೆಡ್ ಮಾಸ್ತರ್ರ ಹತ್ತಿರ ಮಾತ್ರ ಈ ವಾರವೇ ಹೋಗಿ, ಅವರು ಆ ಕಥೆಯನ್ನು ಇನ್ನೂ ನಾಲ್ಕು ಜನಕ್ಕೆ ಹೇಳೋಕೆ ಮೊದಲು.