ತಿಳಿ ಲೋಟಕ್ಕೆ ಎರಡು ಫೋಟೊ, ಚಿಮ್ಮುವ ನೀರಿಗೆ ಒಂದೇ

ಪ್ರಶ್ನೆ: ತಿಳಿ ಪ್ಲಾಸ್ಟಿಕ್ ಲೋಟದ್ದೋ ಚಿಮ್ಮುವ ನೀರಿನದ್ದೋ ಹಿನ್ನೆಲೆ ತೆಗೆದರೆ ಒಳಗಡೆ ಹಳೆಯ ಹಿನ್ನೆಲೆಯೇ ಉಳಿದುಬಿಡುತ್ತದೆ. ಅದನ್ನೂ ಅಳಿಸಿದರೆ ಲೋಟವೇ ಮಾಯವಾಗುತ್ತದೆ. ಆಚೆಗಿನದು ಕಾಣುವ ಗುಣ ಹಾಳಾಗದಂತೆ ತೆಗೆಯುವುದು ಹೇಗೆ?

ಲೋಟ ನಿಮ್ಮ ಬಳಿಯೇ ಇದ್ದು ಮತ್ತೊಮ್ಮೆ ಫೋಟೊ ತೆಗೆಯಲು ಸಾಧ್ಯವಿದ್ದರೆ, ಅದನ್ನು ಒಮ್ಮೆ ಕಪ್ಪು ಹಿನ್ನೆಲೆಯ ಮುಂದೆ, ಇನ್ನೊಮ್ಮೆ ಬಿಳಿ ಹಿನ್ನೆಲೆಯ ಮುಂದೆ, ಬೇರೇನನ್ನೂ ಕದಲಿಸದೆ ತೆಗೆಯಿರಿ. ಆ ಎರಡು ಫೋಟೊಗಳ ವ್ಯತ್ಯಾಸದಿಂದ ಲೋಟದ ಪ್ರತಿಯೊಂದು ಬಿಂದುವೂ ಎಷ್ಟು ಪಾರದರ್ಶಕ ಎಂಬುದನ್ನು ಲೆಕ್ಕ ಹಾಕಿ ತೆಗೆಯಬಹುದು. ಚಿಮ್ಮುವ ನೀರು ಎರಡನೆಯ ಫೋಟೊಗೆ ಕಾಯುವುದಿಲ್ಲವಾದ್ದರಿಂದ ಅದರ ದಾರಿ ಬೇರೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಾನು ಮಡಿಕೇರಿಯಲ್ಲಿ ಸಣ್ಣ ಸ್ಟುಡಿಯೊ ನಡೆಸುತ್ತೇನೆ. ಹೋಂಸ್ಟೇ ನಡೆಸುವವರೊಬ್ಬರು ತಮ್ಮ ಪ್ಯಾಶನ್ ಫ್ರೂಟ್ ಜ್ಯೂಸಿನ ಲೋಟವನ್ನು ಕಾಫಿ ತೋಟದ ಚಿತ್ರದ ಮೇಲೆ ಕೂರಿಸಿ ಫಲಕ ಮಾಡಿಕೊಡಲು ಕೇಳಿದ್ದರು. ಜ್ಯೂಸು ಅರ್ಧ ಲೋಟದಷ್ಟಿತ್ತು, ಮೇಲಿನ ಅರ್ಧ ಖಾಲಿ ಪ್ಲಾಸ್ಟಿಕ್. ನಾನು ಬೂದು ಗೋಡೆಯ ಮುಂದೆ ತೆಗೆದ ಫೋಟೊದಲ್ಲಿ ಲೋಟದ ಅಂಚನ್ನು ಪೆನ್ ಟೂಲಿನಿಂದ ಅಚ್ಚುಕಟ್ಟಾಗಿ ಕತ್ತರಿಸಿ ತೋಟದ ಹಸಿರಿನ ಮೇಲೆ ಇಟ್ಟೆ. ಅದನ್ನು ನೋಡಿದವರೇ ಅವರು, "ಲೋಟದೊಳಗೆ ಮಂಜು ತುಂಬಿದ ಹಾಗಿದೆಯಲ್ಲ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು: ಗೋಡೆಯ ಬೂದು ಬಣ್ಣವೂ ಪ್ಲಾಸ್ಟಿಕ್ಕಿನೊಂದಿಗೆ ಬೆರೆತು ಬಂದಿತ್ತು. ಆ ಭಾಗದ ಒಪಾಸಿಟಿಯನ್ನು ಒಟ್ಟಾಗಿ ಇಳಿಸಿದಾಗ ಹೊಳಪುಗಳೂ ಅಂಚಿನ ಗಾಢ ಗೆರೆಗಳೂ ಮಂಕಾಗಿ ಲೋಟ ಜೀವ ಕಳೆದುಕೊಂಡಿತು.

ಇದಕ್ಕೆ ಕಾರಣ ಕೈಚಳಕದ ಕೊರತೆಯಲ್ಲ. ಫೋಟೊದಲ್ಲಿ ಕಾಣುವ ಒಂದು ಬಿಂದುವಿನ ಬಣ್ಣದಲ್ಲಿ ಲೋಟದ ಸ್ವಂತ ಬಣ್ಣ ಸ್ವಲ್ಪ, ಅದರ ಮೂಲಕ ಹಾದುಬಂದ ಹಿನ್ನೆಲೆಯ ಬಣ್ಣ ಸ್ವಲ್ಪ ಬೆರೆತಿರುತ್ತವೆ. ಒಂದೇ ಫೋಟೊದಿಂದ ಕೆಂಪು, ಹಸಿರು, ನೀಲಿ ಎಂಬ ಮೂರು ಅಳತೆಗಳು ಸಿಗುತ್ತವೆ. ನಮಗೆ ಬೇಕಾದದ್ದು ಲೋಟದ ಮೂರು ಬಣ್ಣಗಳು ಮತ್ತು ಪಾರದರ್ಶಕತೆ, ಒಟ್ಟು ನಾಲ್ಕು. ಹಿನ್ನೆಲೆಯ ಬಣ್ಣ ಗೊತ್ತಿದ್ದರೂ ಮೂರು ಸಮೀಕರಣಗಳಿಂದ ನಾಲ್ಕು ಅಜ್ಞಾತಗಳನ್ನು ಬಿಡಿಸಲಾಗದು. ಅದೇ ವಸ್ತುವನ್ನು ಎರಡು ಬೇರೆ ಹಿನ್ನೆಲೆಗಳ ಮುಂದೆ ನೋಡಿದರೆ ಉತ್ತರ ಸಿಗುತ್ತದೆ ಎಂಬುದನ್ನು ಆಲ್ವಿ ರೇ ಸ್ಮಿತ್ ಮತ್ತು ಜೇಮ್ಸ್ ಬ್ಲಿನ್ 1996ರಲ್ಲಿ ಗಣಿತದ ಮೂಲಕ ತೋರಿಸಿಕೊಟ್ಟರು. ಕಪ್ಪು ಮತ್ತು ಬಿಳಿ ಹಿನ್ನೆಲೆಗಳಲ್ಲಿ ಆ ಲೆಕ್ಕ ಬಹಳ ಸರಳವಾಗುತ್ತದೆ:

```
ಮರೆ  = 255 - (ಬಿಳಿಯಲ್ಲಿನ ಬೆಲೆ - ಕಪ್ಪಿನಲ್ಲಿನ ಬೆಲೆ)
ಬಣ್ಣ = ಕಪ್ಪಿನಲ್ಲಿನ ಬೆಲೆ × 255 / ಮರೆ
```

ಇಲ್ಲಿ ಮರೆ ಎಂದರೆ ಆ ಬಿಂದು ಹಿನ್ನೆಲೆಯನ್ನು ಎಷ್ಟು ಮುಚ್ಚುತ್ತದೆ ಎಂಬುದು. 0 ಎಂದರೆ ಪೂರ್ತಿ ಪಾರದರ್ಶಕ, 255 ಎಂದರೆ ಪೂರ್ತಿ ಗಟ್ಟಿ. ಲೋಟದ ತೆಳುವಾದ ಮೈಯ ಒಂದು ಬಿಂದು ಬಿಳಿಯ ಮುಂದೆ 242, ಕಪ್ಪಿನ ಮುಂದೆ 5 ಎಂದುಕೊಳ್ಳಿ. ವ್ಯತ್ಯಾಸ 237, ಮರೆ 18, ಅಂದರೆ ಶೇಕಡ 7ರಷ್ಟು ಮಾತ್ರ. ಕಿಟಕಿಯಂತೆ ಹೊಳೆಯುವ ಬಿಂದು ಬಿಳಿಯ ಮುಂದೆ 255, ಕಪ್ಪಿನ ಮುಂದೆ 230 ಇದ್ದರೆ ಮರೆ 230, ಬಣ್ಣ ಶುದ್ಧ ಬಿಳಿ. ಲೋಟದ ಅಂಚಿನ ಗಾಢ ಗೆರೆ ಬಿಳಿಯ ಮುಂದೆ 60, ಕಪ್ಪಿನ ಮುಂದೆ 8 ಇದ್ದರೆ ಮರೆ 203, ಬಣ್ಣ ಬಹುತೇಕ ಕಪ್ಪು. ತೆಳು ಮೈ ತೆಳುವಾಗಿಯೂ ಹೊಳಪು ಹೊಳಪಾಗಿಯೂ ಗೆರೆ ಗೆರೆಯಾಗಿಯೂ ತಾವಾಗಿಯೇ ಬೇರ್ಪಡುತ್ತವೆ. ಯಾವುದನ್ನೂ ಕೈಯಿಂದ ಊಹಿಸಬೇಕಾಗಿಲ್ಲ.

ಫೋಟೊ ತೆಗೆಯುವಾಗಿನ ಶಿಸ್ತಿನ ಮೇಲೆಯೇ ಎಲ್ಲವೂ ನಿಂತಿದೆ. ಬಟ್ಟೆಯನ್ನೋ ಹಾಳೆಯನ್ನೋ ಬದಲಿಸಲು ಹೋದರೆ ಮೇಜು ಅಲುಗುತ್ತದೆ. ಆದ್ದರಿಂದ ನಾನು ಲೋಟದ ಹಿಂದೆ ಸಾಕಷ್ಟು ದೂರದಲ್ಲಿ, ಫೋಕಸ್ಸಿಗೆ ಸಿಗದಂತೆ, ದೊಡ್ಡ ಟಿವಿಯನ್ನು ಇಟ್ಟು ಅದರಲ್ಲಿ ಮೊದಲು ಪೂರ್ತಿ ಕಪ್ಪು, ನಂತರ ಪೂರ್ತಿ ಬಿಳಿ ಚಿತ್ರವನ್ನು ತೋರಿಸುತ್ತೇನೆ. ಟಿವಿ ಹತ್ತಿರವಿದ್ದರೆ ಅದರ ಬೆಳಕು ಲೋಟದ ಸುತ್ತಲಿನ ವಸ್ತುಗಳ ಮೇಲೆ ಬಿದ್ದು ಲೆಕ್ಕ ಕೆಡುತ್ತದೆ, ಪರದೆಯ ಚುಕ್ಕಿಗಳೂ ಫೋಟೊದಲ್ಲಿ ಪಟ್ಟೆಗಳಾಗಿ ಕಾಣುತ್ತವೆ. ಲೆನ್ಸಿನ ಮೇಲೆ ಪೋಲರೈಸರ್ ಫಿಲ್ಟರ್ ಇದ್ದರೆ ತೆಗೆದುಬಿಡಿ: ಎಲ್‌ಸಿಡಿ ಪರದೆಯ ಬೆಳಕು ಧ್ರುವೀಕೃತವಾಗಿರುವುದರಿಂದ, ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ಕಿನೊಳಗಿನ ಬಿಗಿತವೆಲ್ಲ ಕಾಮನಬಿಲ್ಲಿನ ಬಣ್ಣಗಳಾಗಿ ಮೂಡುತ್ತದೆ. ಕ್ಯಾಮೆರಾ ಟ್ರೈಪಾಡ್ ಮೇಲೆ ಇರಲಿ; ಬೆಳಕಿನ ಅಳತೆ, ಫೋಕಸ್, ವೈಟ್ ಬ್ಯಾಲೆನ್ಸ್ ಎಲ್ಲವೂ ಮ್ಯಾನ್ಯುಯಲ್ ಆಗಿರಲಿ; ಗುಂಡಿಯನ್ನು ಬೆರಳಿನಿಂದ ಒತ್ತದೆ ಟೈಮರ್ ಇಡಿ. ಬಿಳಿ ಪರದೆ ಫೋಟೊದಲ್ಲಿ 240ರ ಆಸುಪಾಸಿನಲ್ಲಿ ಬರಬೇಕು. 255ಕ್ಕೆ ತಾಗಿದರೆ ಅದಕ್ಕಿಂತ ಎಷ್ಟು ಹೆಚ್ಚು ಬೆಳಕಿತ್ತೆಂಬುದು ತಿಳಿಯದೆ, ಲೋಟದ ತೆಳು ಭಾಗಗಳು ಪೂರ್ತಿ ಅಳಿಸಿಹೋಗುತ್ತವೆ. ಪರದೆಯ ಕಪ್ಪೂ ನಿಜವಾದ ಸೊನ್ನೆಯಾಗಿರುವುದಿಲ್ಲ. ಅದು 6 ಎಂದು ಬಂದರೆ, ಎರಡೂ ಫೋಟೊಗಳಿಗೆ Levels ನಲ್ಲಿ ಒಂದೇ ಬೆಲೆಗಳನ್ನು ಕೊಟ್ಟು 6 ಅನ್ನು 0ಗೆ, 240 ಅನ್ನು 255ಕ್ಕೆ ಎಳೆಯಿರಿ.

ನಮ್ಮಲ್ಲಿ ಮಳೆಗಾಲದಲ್ಲಿ ಇನ್ನೆರಡು ತೊಂದರೆಗಳಿವೆ. ಕಿಟಕಿಯ ಬೆಳಕನ್ನು ನಂಬಿದರೆ ಎರಡು ಫೋಟೊಗಳ ನಡುವೆ ಮಂಜು ಹಾದುಹೋಗಿ ಬೆಳಕೇ ಬದಲಾಗುತ್ತದೆ, ಆದ್ದರಿಂದ ಪರದೆಗಳನ್ನು ಎಳೆದು ದೀಪದ ಬೆಳಕಿನಲ್ಲೇ ತೆಗೆಯಬೇಕು. ಗಾಳಿಯಲ್ಲಿ ಅಷ್ಟು ತೇವವಿರುವಾಗ ಐಸ್ ಹಾಕಿದ ಲೋಟದ ಮೈಮೇಲೆ ನೋಡನೋಡುತ್ತಿದ್ದಂತೆ ಹನಿಗಳು ಕಟ್ಟಿ ಬೆಳೆಯುತ್ತವೆ. ಎರಡನೆಯ ಫೋಟೊದಲ್ಲಿರುವ ಹನಿ ಮೊದಲನೆಯದರಲ್ಲಿ ಇಲ್ಲದಿದ್ದರೆ ಅದು ಲೆಕ್ಕದಲ್ಲಿ ಕಲೆಯಾಗಿ ಉಳಿಯುತ್ತದೆ. ನಾನು ಕೋಣೆಯಷ್ಟೇ ಬಿಸಿಯಿರುವ ಜ್ಯೂಸನ್ನೇ ಹಾಕಿದೆ.

ಫೋಟೊಶಾಪಿನಲ್ಲಿ ಕೆಲಸ ಹೀಗೆ ಸಾಗುತ್ತದೆ. ಕಪ್ಪು ಹಿನ್ನೆಲೆಯ ಫೋಟೊವನ್ನು ಕೆಳಗಿನ ಲೇಯರ್ ಆಗಿ ಇಟ್ಟು ಅದರ ಬೀಗ ತೆಗೆಯಿರಿ, ಬಿಳಿಯದ್ದನ್ನು ಮೇಲಿಟ್ಟು ಅದರ ಮೋಡನ್ನು Difference ಮಾಡಿ. ಎಲ್ಲವನ್ನೂ ಸೆಲೆಕ್ಟ್ ಮಾಡಿ Edit > Copy Merged ಕೊಟ್ಟರೆ ವ್ಯತ್ಯಾಸದ ಚಿತ್ರ ನಕಲಾಗುತ್ತದೆ. ಬಿಳಿಯ ಲೇಯರನ್ನು ಮರೆಮಾಡಿ, ಕಪ್ಪಿನ ಲೇಯರಿಗೆ ಮಾಸ್ಕ್ ಸೇರಿಸಿ, Alt ಒತ್ತಿ ಮಾಸ್ಕನ್ನು ತೆರೆದು ಅದರೊಳಗೆ ಅಂಟಿಸಿ Ctrl+I ಒತ್ತಿ ತಿರುಗಿಸಿ. ಆಮೇಲೆ Apply Layer Mask ಕೊಟ್ಟು, ಕೊನೆಯಲ್ಲಿ Layer > Matting > Remove Black Matte ಕೊಡಿ. ಈ ಕೊನೆಯ ಹೆಜ್ಜೆಯೇ ಮೇಲಿನ ಎರಡನೆಯ ಸೂತ್ರದ ಭಾಗಾಕಾರ. ಅದನ್ನು ಬಿಟ್ಟರೆ ಲೋಟದಲ್ಲಿ ಕಪ್ಪು ಎರಡು ಸಲ ಸೇರಿದಂತಾಗಿ ಇಡೀ ಲೋಟ ಹೊಗೆ ಹಿಡಿದಂತೆ ಕಾಣುತ್ತದೆ. ಲೋಟ ಕೂತ ಮೇಜು ಗಟ್ಟಿ ವಸ್ತುವಾಗಿಯೇ ಬರುತ್ತದೆ, ಅದನ್ನು ಮಾಮೂಲಿಯಂತೆ ಕತ್ತರಿಸಿ ತೆಗೆಯಿರಿ. ಉಳಿಸುವಾಗ PNG ಆಗಿ ಉಳಿಸಿ, ಏಕೆಂದರೆ JPEG ಪಾರದರ್ಶಕತೆಯನ್ನು ಇಟ್ಟುಕೊಳ್ಳುವುದಿಲ್ಲ.

ಸರಿಯಾಗಿದೆಯೇ ಎಂದು ತಿಳಿಯಲು ಕಣ್ಣಂದಾಜು ಸಾಲದು. ಬಂದ ಲೋಟವನ್ನು ಶುದ್ಧ ಬಿಳಿಯ ಮೇಲಿಟ್ಟು, ಮೂಲದ ಬಿಳಿ ಫೋಟೊವನ್ನು ಅದರ ಮೇಲೆ Difference ನಲ್ಲಿ ಹಾಕಿ ನೋಡಿ. ಎಲ್ಲವೂ ಹೆಚ್ಚುಕಡಿಮೆ ಕಪ್ಪಾಗಬೇಕು. ಅಂಚಿನುದ್ದಕ್ಕೂ ಜೋಡಿ ಗೆರೆ ಕಂಡರೆ ಲೋಟವೋ ಕ್ಯಾಮೆರಾವೋ ಕದಲಿದೆ ಎಂದರ್ಥ; ಆಗ ತಿದ್ದುತ್ತಾ ಕೂರುವುದಕ್ಕಿಂತ ಮತ್ತೆ ತೆಗೆಯುವುದೇ ಬೇಗ ಮುಗಿಯುತ್ತದೆ. ಬಣ್ಣದ ತಿಳಿ ಪಾನೀಯದ ಜಾಗದಲ್ಲಿ ಮಾತ್ರ ವ್ಯತ್ಯಾಸ ಉಳಿದರೆ ಅದು ತಪ್ಪಲ್ಲ, ವಿಧಾನದ ಮಿತಿ: ಕೆಂಪು ಶರಬತ್ತು ಕೆಂಪನ್ನು ಬಿಟ್ಟು ನೀಲಿಯನ್ನು ತಡೆಯುತ್ತದೆ, ಆದರೆ PNG ಯಲ್ಲಿ ಮೂರು ಬಣ್ಣಕ್ಕೂ ಸೇರಿ ಒಂದೇ ಪಾರದರ್ಶಕತೆ ಇರುತ್ತದೆ. ಅಂಥ ಲೋಟಕ್ಕೆ PNG ಬಿಟ್ಟು, ಹೊಸ ಹಿನ್ನೆಲೆಯ ಮೇಲೆ ವ್ಯತ್ಯಾಸದ ಚಿತ್ರವನ್ನು ತಿರುಗಿಸದೆ Multiply ನಲ್ಲಿ ಇಟ್ಟು, ಅದರ ಮೇಲೆ ಕಪ್ಪು ಫೋಟೊವನ್ನು Linear Dodge (Add) ನಲ್ಲಿ ಇಡಿ. ಆಗ ಪ್ರತಿ ಬಣ್ಣಕ್ಕೂ ಅದರದ್ದೇ ಲೆಕ್ಕ ನಡೆದು, ಹಸಿರು ತೋಟ ಶರಬತ್ತಿನ ಮೂಲಕ ಹೇಗೆ ಕಾಣಬೇಕೋ ಹಾಗೆಯೇ ಕಾಣುತ್ತದೆ. ನಮ್ಮ ಪ್ಯಾಶನ್ ಫ್ರೂಟ್ ಜ್ಯೂಸು ಮಂದವಾಗಿದ್ದುದರಿಂದ ಅದು ಬೇಕಾಗಲಿಲ್ಲ.

ಈ ಯಾವ ವಿಧಾನವೂ ಬೆಳಕು ಬಾಗುವುದನ್ನು ಹಿಡಿಯುವುದಿಲ್ಲ. ತಿಳಿನೀರು ತುಂಬಿದ ಲೋಟ ಮಸೂರದಂತೆ ವರ್ತಿಸಿ ದೂರದ ಹಿನ್ನೆಲೆಯನ್ನು ಎಡಬಲ ಮಗುಚಿ ತೋರಿಸುತ್ತದೆ. ಹಾಗಾಗಿ ನೀರಿನ ಹಿಂದಿರುವ ಹೊಸ ಹಿನ್ನೆಲೆಯ ತುಂಡನ್ನು ನಕಲು ಮಾಡಿ, ಎಡಬಲ ತಿರುಗಿಸಿ, ಸ್ವಲ್ಪ ಮಸುಕುಗೊಳಿಸಿ ಲೋಟದ ಲೇಯರಿನ ಕೆಳಗೆ ಇಡಬೇಕಾಗುತ್ತದೆ. ಖಾಲಿ ಲೋಟಕ್ಕೆ ಇದರ ಅಗತ್ಯವಿಲ್ಲ.

ಇನ್ನು ಚಿಮ್ಮುವ ನೀರು. ಇಲ್ಲಿ ಒಂದೇ ಫೋಟೊ ಸಿಗುವುದರಿಂದ, ಅದು ಕೊನೆಗೆ ಎಂಥ ಹಿನ್ನೆಲೆಯ ಮೇಲೆ ಕೂರುತ್ತದೆ ಎಂಬುದನ್ನು ಮೊದಲೇ ತೀರ್ಮಾನಿಸಿ. ಗಾಢ ಹಿನ್ನೆಲೆಗೆ ಹೋಗುವುದಾದರೆ ಕಪ್ಪಿನ ಮುಂದೆ, ಹಿಂಬದಿಯ ಎರಡೂ ಬದಿಗಳಿಂದ ಬೆಳಕು ಕೊಟ್ಟು ತೆಗೆಯಿರಿ. ಫ್ಲಾಶಿನ ಶಕ್ತಿಯನ್ನು 1/16 ಅಥವಾ ಅದಕ್ಕಿಂತ ಕೆಳಗೆ ಇಟ್ಟರೆ ಮಿಂಚಿನ ಅವಧಿ ಬಹಳ ಚಿಕ್ಕದಾಗಿ ಹನಿಗಳು ಗಾಳಿಯಲ್ಲೇ ನಿಂತಂತೆ ಬರುತ್ತವೆ. ಅಂಥ ಫೋಟೊದಲ್ಲಿ ಕಾಣುವುದೆಲ್ಲ ನೀರು ಸೇರಿಸಿದ ಬೆಳಕೇ ಆದ್ದರಿಂದ, GIMP ನ Colors > Color to Alpha ದಲ್ಲಿ ಕಪ್ಪನ್ನು ಆರಿಸಿದರೆ ಕಪ್ಪು ಪಾರದರ್ಶಕವಾಗಿ, ಬೆಳಕು ತನ್ನ ಪ್ರಮಾಣದಲ್ಲೇ ಉಳಿಯುತ್ತದೆ. ಆದರೆ ಇದೇ ಚಿತ್ರವನ್ನು ತಿಳಿಬಣ್ಣದ ಹಿನ್ನೆಲೆಯ ಮೇಲಿಟ್ಟರೆ ನೀರು ಕಾಣದಾಗುತ್ತದೆ, ಏಕೆಂದರೆ ಅದಕ್ಕೆ ಆಕಾರ ಕೊಡುವ ಗಾಢ ಗೆರೆಗಳು ಕಪ್ಪಿನ ಜೊತೆಗೇ ಹೋಗಿರುತ್ತವೆ. ತಿಳಿ ಹಿನ್ನೆಲೆಗೆ ಬೇಕಿದ್ದರೆ ನೀರನ್ನು ಬಿಳಿಯ ಮುಂದೆ ತೆಗೆದು Multiply ನಲ್ಲಿ ಬಳಸಿ.

ನಿಮ್ಮ ಬಳಿ ಈಗಾಗಲೇ ಇರುವ ಫೋಟೊ ಒಂದೇ ಸಮನಾದ ಬೂದು ಹಿನ್ನೆಲೆಯದ್ದಾಗಿದ್ದರೆ ಅದನ್ನೂ ಉಳಿಸಿಕೊಳ್ಳಬಹುದು. ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ, ಹಿನ್ನೆಲೆ ಸರಿಯಾಗಿ 128 ಆಗುವಂತೆ Levels ಸರಿಪಡಿಸಿ, ಮೋಡನ್ನು Hard Light ಮಾಡಿ. ಆ ಮೋಡಿನಲ್ಲಿ ನಡುಬೂದು ಬಣ್ಣ ಏನನ್ನೂ ಬದಲಿಸುವುದಿಲ್ಲ, ಅದಕ್ಕಿಂತ ಬೆಳಗಿದ್ದದ್ದು ಹೊಳಪಾಗಿ, ಗಾಢವಾದದ್ದು ನೆರಳಾಗಿ ಹೊಸ ಚಿತ್ರಕ್ಕೆ ಸೇರುತ್ತದೆ. ಹಿನ್ನೆಲೆಯಲ್ಲಿ ಗಿಡಮರ, ಮನೆ, ಮುಖಗಳಿರುವ ಫೋಟೊವಾದರೆ ಅದಕ್ಕಾಗಿ ಸಮಯ ಕಳೆಯದೆ ಲೋಟವನ್ನು ಮತ್ತೆ ಟಿವಿಯ ಮುಂದೆ ಇಟ್ಟು ತೆಗೆಯಿರಿ. ಆ ಹೋಂಸ್ಟೇಯ ಲೋಟವನ್ನೂ ನಾನು ಹಾಗೆಯೇ ಎರಡನೆಯ ಸಲ ತೆಗೆದೆ. ಈಗ ಅವರ ಫಲಕದಲ್ಲಿ ಜ್ಯೂಸಿನ ಮೇಲಿನ ಖಾಲಿ ಪ್ಲಾಸ್ಟಿಕ್ಕಿನ ಮೂಲಕ ಕಾಫಿ ಎಲೆಗಳು ಕಾಣುತ್ತವೆ.