ಹೊಸ ಹೆಸರು ಮೊದಲು, ಹಳೆಯದು ಆಮೇಲೆ

ಪ್ರಶ್ನೆ: ಶೆಲ್ಟರ್‌ನಿಂದ ನಾಲ್ಕು ವರ್ಷದ ಗಂಡು ನಾಯಿ ತಂದಿದ್ದೇವೆ. ಅಲ್ಲಿ 'ರಾಕಿ' ಅಂತ ಕರೀತಿದ್ರು, ಕರೆದ್ರೆ ತಿರುಗ್ತಾನೆ. ನಮಗೆ ಬೇರೆ ಹೆಸರಿಡೋ ಆಸೆ. ಗೊಂದಲ ಆಗದ ಹಾಗೆ ಹಳೇ ಹೆಸರಿಗೆ ಹತ್ತಿರದ್ದೇ ಇಡಬೇಕಾ? ಎಷ್ಟು ದಿನ ಎರಡನ್ನೂ ಸೇರಿಸಿ ಕರೀಬೇಕು?

ಸೇರಿಸಿ ಕರೆಯಲೇಬೇಡಿ. ಹಾಗೆ ಕರೆದದ್ದರಿಂದಲೇ ನಮ್ಮ ಕೆಂಪಿಯ ಹಿಂಗಾಲು ಮುರಿಯಿತು.

ಕೆಂಪಿ ನಮ್ಮ ಮನೆಗೆ ಬಂದಾಗ ಅವಳಿಗೆ ಸುಮಾರು ಮೂರು ವರ್ಷ. ಬೀದಿನಾಯಿ, ಸಂತಾನಹರಣ ಆಗಿದ್ದರ ಗುರುತಿಗೆ ಕಿವಿಯ ತುದಿ ಕತ್ತರಿಸಿದ್ದರು. ಶೆಲ್ಟರ್‌ನಲ್ಲಿ ಅವಳ ಹೆಸರು ಚಿನ್ನು. ನಮ್ಮ ತಂಗಿಯ ಮಗನನ್ನೂ ಮನೆಯಲ್ಲಿ ಎಲ್ಲರೂ ಚಿನ್ನು ಅಂತಲೇ ಕರೆಯುವುದು. ರಜೆಗೆ ಅವನು ಬಂದರೆ "ಚಿನ್ನೂ, ಊಟಕ್ಕೆ ಬಾ" ಅಂದಾಗ ಇಬ್ಬರೂ ಅಡುಗೆಮನೆಗೆ ಓಡಿಬರುತ್ತಿದ್ದರು. ಹೆಸರು ಬದಲಿಸದೆ ದಾರಿಯೇ ಇರಲಿಲ್ಲ. ಬಣ್ಣ ನೋಡಿ ಅಮ್ಮ "ಕೆಂಪಿ" ಅಂದರು, ಅದೇ ಉಳಿಯಿತು.

ನಾನು ಮಾಡಿದ್ದು ಇಷ್ಟು: "ಚಿನ್ನು, ಕೆಂಪಿ" ಅಂತ ಒಟ್ಟಿಗೆ ಕರೆದು, ತಿರುಗಿದ ಕೂಡಲೇ ತಿನ್ನಲು ಕೊಡುತ್ತಿದ್ದೆ. ಮೂರು ವಾರ, ದಿನಕ್ಕೆ ನಾಲ್ಕೈದು ಸಲ. ಅವಳು ಒಂದು ಸಲವೂ ತಪ್ಪಲಿಲ್ಲ. ಆಮೇಲೆ ಊಟದ ಹೊತ್ತಿಗೆ ತಟ್ಟೆ ಹಿಡಿದುಕೊಂಡು ಬರೀ "ಕೆಂಪಿ" ಅಂದೆ, ಓಡಿಬಂದಳು. ಕಲಿತಳು ಅಂತ ನಂಬಿಬಿಟ್ಟೆ.

ಒಂದು ಭಾನುವಾರ ಸಿಲಿಂಡರ್ ತಂದ ಹುಡುಗ ಗೇಟು ತೆರೆದಿಟ್ಟ. ಕೆಂಪಿ ರಸ್ತೆಗೆ ಇಳಿದಳು. ನಾನು "ಕೆಂಪೀ" ಅಂತ ನಾಲ್ಕು ಸಲ ಕೂಗಿದೆ. ಅವಳ ಕಿವಿ ಕೂಡ ಅಲುಗಲಿಲ್ಲ. ಹಳೇ ಹೆಸರು ಎತ್ತಲೇಬಾರದು ಅಂತ ನಾನೇ ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದೆ, ಅದಕ್ಕೇ ಆ ಹೊತ್ತಲ್ಲೂ ನನ್ನ ಬಾಯಿಗೆ ಅದು ಬರಲಿಲ್ಲ. ಸ್ಕೂಟರಿನ ಚಕ್ರ ಅವಳ ಹಿಂಗಾಲಿಗೆ ಬಡಿಯಿತು. ಅಮ್ಮ ಬಾಗಿಲಿಂದ "ಚಿನ್ನೂ" ಅಂತ ಚೀರಿದರು. ಆ ನೋವಲ್ಲೂ ಕಾಲೆಳೆದುಕೊಂಡು ಅಮ್ಮನ ಹತ್ತಿರವೇ ಬಂದಳು. ಆಮೇಲೆ ಆರು ವಾರ ಪ್ಲಾಸ್ಟರ್.

ಏನು ತಪ್ಪಾಯಿತು ಅಂತ ಬಿಡಿಸಿ ಹೇಳುತ್ತೇನೆ, ಎಲ್ಲರೂ ಎಡವುವುದು ಇಲ್ಲೇ. ನಾಯಿಗೆ ಹೆಸರು ಅಂದರೆ "ಇದು ನಾನು" ಅಲ್ಲ. "ಈ ಸದ್ದು ಕೇಳಿದ ಮೇಲೆ ನನಗೇನೋ ಸಿಗುತ್ತದೆ, ಆ ಕಡೆ ನೋಡಬೇಕು" ಅನ್ನುವ ಸೂಚನೆ. ನಾನು "ಚಿನ್ನು" ಅಂದಾಗಲೇ ಅವಳಿಗೆ ಬೇಕಾದ ಸುದ್ದಿ ಸಿಕ್ಕಿಬಿಡುತ್ತಿತ್ತು, ಕುತ್ತಿಗೆ ತಿರುಗುತ್ತಿತ್ತು. ಹಿಂದೆಯೇ ಬಂದ "ಕೆಂಪಿ" ಅವಳಿಗೆ ಹೊಸದೇನನ್ನೂ ಹೇಳುತ್ತಿರಲಿಲ್ಲ, ನಾನು ಚೀಲ ತೆಗೆಯುವ ಸರಪರ ಸದ್ದಿನಷ್ಟೂ ಅದಕ್ಕೆ ಬೆಲೆ ಇರಲಿಲ್ಲ. ಗೊತ್ತಿರುವ ಸದ್ದು ಮೊದಲು ಬಂದರೆ ಅದರ ಹಿಂದಿನದನ್ನು ನಾಯಿ ಕೇಳಿಸಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ನಾನು ಮೂರು ವಾರ ಕಲಿಸಿದ್ದು ಚಿನ್ನು ಅನ್ನುವುದನ್ನೇ. ತಟ್ಟೆ ಹಿಡಿದು ಕರೆದಾಗ ಬಂದದ್ದೂ ತಟ್ಟೆಯ ಸದ್ದಿಗೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಕ್ರಮ ತಿರುಗಿಸಿದೆ. ಮುಚ್ಚಿದ ಕೋಣೆ, ಟಿವಿ ಇಲ್ಲ. ಉಪ್ಪು, ಈರುಳ್ಳಿ ಏನೂ ಹಾಕದೆ ಬೇಯಿಸಿದ ಕೋಳಿ, ಕಡಲೆಕಾಳಿನಷ್ಟು ಚೂರುಗಳು, ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಅವಳು ಬೇರೆಲ್ಲೋ ನೋಡುತ್ತಿದ್ದಾಗ ಮಾಮೂಲಿ ದನಿಯಲ್ಲಿ "ಕೆಂಪಿ" ಅನ್ನುವುದು, ಒಂದು ಸೆಕೆಂಡ್ ಸುಮ್ಮನಿರುವುದು, ಆಮೇಲೆ "ಚಿನ್ನು". ತಿರುಗಿದ ತಕ್ಷಣ ಚೂರು ಬಾಯಿಗೆ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಒಂದು ಹೊತ್ತಿಗೆ ಎರಡು ಮೂರು ನಿಮಿಷ ಹಿಡಿಯುತ್ತದೆ, ಅದಕ್ಕಿಂತ ಎಳೆಯಬೇಡಿ. ಆ ಒಂದು ಸೆಕೆಂಡಿನ ಬಿಡುವೇ ಇಡೀ ಕೆಲಸದ ಗುಟ್ಟು. ಹೊಸ ಸದ್ದು ಬಂದರೆ ಹಳೇ ಸದ್ದು ಬರುತ್ತದೆ ಅಂತ ನಾಯಿ ಊಹಿಸಲು ಶುರುಮಾಡುತ್ತದೆ, ಊಹೆ ಗಟ್ಟಿಯಾದಾಗ ಹಳೆಯದಕ್ಕೆ ಕಾಯದೆ ತಿರುಗುತ್ತದೆ. ನಾಲ್ಕನೇ ದಿನ ಸಂಜೆ "ಚಿನ್ನು" ನನ್ನ ಬಾಯಿಂದ ಹೊರಬೀಳುವ ಮುಂಚೆಯೇ ಕೆಂಪಿ ನನ್ನ ಮುಖ ನೋಡುತ್ತಿದ್ದಳು. ಆ ಹೊತ್ತು ನಾನು ಅತ್ತುಬಿಟ್ಟೆ.

ಅಲ್ಲಿಂದ ಮುಂದೆ ಹಳೇ ಹೆಸರನ್ನು ಆ ಅಭ್ಯಾಸದಲ್ಲಿ ಬಿಟ್ಟೆ, ಆದರೆ ಜಾಗ ಬದಲಾದಾಗ ಮತ್ತೆ ಬೇಕಾಯಿತು. ಕೋಣೆಯಲ್ಲಿ ಕಲಿತದ್ದು ಅಂಗಳದಲ್ಲಿ ಅರ್ಧ ಮರೆತಂತೆ ಆಗುತ್ತದೆ, ಬೀದಿಯಲ್ಲಂತೂ ಬೇರೆ ನಾಯಿಗಳ ವಾಸನೆ, ಬೈಕಿನ ಸದ್ದು. ಹೊಸ ಜಾಗದಲ್ಲಿ ಮೊದಲ ನಾಲ್ಕೈದು ಸಲ ಎರಡೂ ಹೆಸರು ಹೇಳಿ, ಆಮೇಲೆ ಒಂದೇ ಸಾಕು. ಹೊರಗಿನ ಅಭ್ಯಾಸವೆಲ್ಲ ಉದ್ದ ಹಗ್ಗ ಕಟ್ಟಿಯೇ. ನಮಗೆ ಬೀದಿಯಲ್ಲಿ ನೆಚ್ಚಿಕೊಳ್ಳುವ ಮಟ್ಟಕ್ಕೆ ಬರಲು ಎರಡು ತಿಂಗಳು ಬೇಕಾಯಿತು.

ಕಲಿತಿದ್ದಾನೋ ಇಲ್ಲವೋ ನೋಡುವುದು ಹೀಗೆ. ಊಟದ ಹೊತ್ತಲ್ಲದಾಗ, ಕೈಯಲ್ಲಿ ಏನೂ ಇಲ್ಲದೆ, ಅವನು ಬೆನ್ನು ಹಾಕಿ ಕೂತಿದ್ದಾಗ ಒಂದೇ ಸಲ ಹೆಸರು ಹೇಳಿ. ಸ್ವಲ್ಪ ಹೊತ್ತು ಬಿಟ್ಟು ಅದೇ ದನಿಯಲ್ಲಿ "ಕುಂಬಳ" ಅನ್ನಿ. ಎರಡಕ್ಕೂ ತಿರುಗಿದರೆ ಅವನು ಕೇಳುತ್ತಿರುವುದು ನಿಮ್ಮ ದನಿಯನ್ನು, ಹೆಸರನ್ನಲ್ಲ. ಈ ಪರೀಕ್ಷೆಯನ್ನು ಇವತ್ತೇ "ರಾಕಿ"ಗೂ ಮಾಡಿ. ಎಷ್ಟೋ ಶೆಲ್ಟರ್‌ಗಳಲ್ಲಿ ಹೆಸರು ಇರುವುದು ರಿಜಿಸ್ಟರಿನಲ್ಲಿ, ನೋಡಿಕೊಳ್ಳುವವರು ಕರೆಯುವುದು ಶಿಳ್ಳೆ ಹೊಡೆದು. ರಾಕಿ ಅನ್ನುವುದೂ ಕುಂಬಳ ಅನ್ನುವುದೂ ಅವನಿಗೆ ಒಂದೇ ಆಗಿದ್ದರೆ ನೀವು ಬದಲಿಸಬೇಕಾದ ಹೆಸರೇ ಇಲ್ಲ, ಹೊಸದನ್ನು ನೇರವಾಗಿ ಕಲಿಸಿ.

ಇನ್ನು ಹತ್ತಿರದ ಹೆಸರು. ಬೇಡ ಅಂತಲೇ ನನ್ನ ಅಭಿಪ್ರಾಯ, ಬಹಳ ಜನ ಉಲ್ಟಾ ಹೇಳುತ್ತಾರೆ. "ರಾಕಿ"ಯನ್ನು "ರಾಜಿ" ಅಂತ ಬದಲಿಸಿದರೆ ಮೊದಲ ದಿನವೇ ತಿರುಗುತ್ತಾನೆ, ನಿಮಗೂ ಖುಷಿ. ಆದರೆ ತಿರುಗಿದ್ದು ಹೊಸ ಹೆಸರಿಗೋ ಹಳೆಯದರ ನೆನಪಿಗೋ ನಿಮಗೆ ಯಾವತ್ತೂ ಗೊತ್ತಾಗುವುದಿಲ್ಲ. ನನಗಾದ ಮೋಸ ಅದೇ ಬಗೆಯದು. ಮನೆಯಲ್ಲಿ ದಿನಾ ಬಳಸುವ "ಬಾ", "ಬೇಡ"ದಂಥ ಮಾತುಗಳಿಗೆ ಹೋಲದಿದ್ದರೆ ಸಾಕು, ಯಾವ ಹೆಸರಾದರೂ ಇಡಿ. ಮನೆಮಂದಿಯೆಲ್ಲ ಮೊದಲ ತಿಂಗಳು ಅದನ್ನೇ ಹೇಳಲಿ. ನಮ್ಮಮ್ಮ ಮುದ್ದಿಗೆ ಕೆಂಪಮ್ಮ, ಕೆಂಪವ್ವ ಅನ್ನುತ್ತಿದ್ದರು, ಕೈಮುಗಿದು ಬಿಡಿಸಿದೆ. ಉಣ್ಣಿ ಕೀಳಲು, ಸ್ನಾನಕ್ಕೆ, ಇಂಜೆಕ್ಷನ್‌ಗೆ ಹೊಸ ಹೆಸರು ಹಿಡಿದು ಕರೆಯಬೇಡಿ, ನೀವೇ ಎದ್ದು ಅವನ ಹತ್ತಿರ ಹೋಗಿ.

ಹಳೇ ಹೆಸರನ್ನು ಅಳಿಸಲು ಹೋಗಬೇಡಿ. ಹೊಸದು ಬೀದಿಯಲ್ಲೂ ಗಟ್ಟಿಯಾಗುವವರೆಗೆ ಅವನನ್ನು ವಾಪಸ್ ಕರೆಯಲು ನಿಮ್ಮ ಹತ್ತಿರ ಇರುವುದು ಅದೊಂದೇ, ಜೀವಕ್ಕೆ ಕುತ್ತು ಬಂದರೆ ಅದನ್ನೇ ಕೂಗಿ. ಅದಕ್ಕೆ ತಿರುಗಿದಾಗ ಏನೂ ಸಿಗದಿದ್ದರೆ ಅದು ತಾನಾಗಿ ಮಾಸುತ್ತದೆ. ಹೋದ ಬೇಸಿಗೆಯಲ್ಲಿ ತಂಗಿ ತನ್ನ ಮಗನನ್ನು "ಚಿನ್ನೂ" ಅಂತ ದಿನಕ್ಕೆ ಮೂವತ್ತು ಸಲ ಕೂಗುತ್ತಿದ್ದಳು. ಮೊದಲ ದಿನ ಕೆಂಪಿ ಎದ್ದು ಹೋದಳು, ಏನೂ ಸಿಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಹೊಸಿಲ ಮೇಲೆ ಮಲಗಿದಲ್ಲೇ ಒಂದು ಕಿವಿ ಎತ್ತಿ ಇಳಿಸುತ್ತಿದ್ದಳು ಅಷ್ಟೇ.

ನಿಮ್ಮವನು ಇನ್ನೂ ಮೂಲೆ ಸೇರಿ ಕೂರುತ್ತಿದ್ದರೆ, ಕೈಯಿಂದ ತಿನ್ನುವವರೆಗೆ ಇದ್ಯಾವುದನ್ನೂ ಶುರುಮಾಡಬೇಡಿ, ರಾಕಿಯಾಗಿಯೇ ಇರಲಿ. ಗೇಟಿಗೆ ಮಾತ್ರ ಇವತ್ತೇ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿಸಿ.