ಮನೆಯವರ ಮಾತು ಮತ್ತು ಕಂಪನಿಯ ಆರ್ಟಿಕಲ್ಸ್

ಪ್ರಶ್ನೆ: ಒಂದು ಖಾಸಗಿ ಕಂಪನಿಯಲ್ಲಿ ಅಣ್ಣ ಮತ್ತು ತಮ್ಮನ ಕುಟುಂಬಗಳಿಗೆ ಸಮಪಾಲು ಷೇರುಗಳಿವೆ. ಮಾರುವವರು ಮೊದಲು ತಮ್ಮ ಕುಟುಂಬದವರನ್ನೇ ಕೇಳಬೇಕೆಂದು ಮಾತಾಗಿದೆ; ಕಂಪನಿಯ ಒಳಾಡಳಿತದ ನಿಯಮಾವಳಿಯಾದ ಆರ್ಟಿಕಲ್ಸ್‌ನಲ್ಲಿ ಬರೆದಿಲ್ಲ. ಒಬ್ಬರು ಇನ್ನೊಂದು ಕುಟುಂಬಕ್ಕೆ ಮಾರಿದರೆ ಆ ಮಾರಾಟ ಅಸಿಂಧುವೇ?
– ಎಂಬಿಎ ವಿದ್ಯಾರ್ಥಿನಿ

ಉತ್ತರ: ಅಸಿಂಧುವಲ್ಲ. ವಿ.ಬಿ. ರಂಗರಾಜ್ ವಿರುದ್ಧ ವಿ.ಬಿ. ಗೋಪಾಲಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಹೆಚ್ಚುಕಡಿಮೆ ಇದೇ ಸಂಗತಿಯನ್ನು ನಿರ್ಣಯಿಸಿತು. ಆ ಕಂಪನಿಯ 50 ಷೇರುಗಳು ಒಂದೇ ಕುಟುಂಬದ ಎರಡು ಕವಲುಗಳ ನಡುವೆ 25ರಂತೆ ಹಂಚಿಹೋಗಿದ್ದವು. ಆ ಸಮತೋಲ ಕೆಡಬಾರದೆಂದು 1951ರಲ್ಲಿ ಬಾಯಿಮಾತಿನ ಒಪ್ಪಂದವಾಗಿತ್ತೆಂಬುದು ವಾದ. ಮುಂದೆ ಒಂದು ಕವಲಿನ ಸದಸ್ಯರೊಬ್ಬರು ಇನ್ನೊಂದು ಕವಲಿನವರಿಗೆ ಷೇರು ಮಾರಿದಾಗ ವ್ಯಾಜ್ಯ ಹುಟ್ಟಿತು. ಆರ್ಟಿಕಲ್ಸ್‌ನಲ್ಲಿ ಇಲ್ಲದ ನಿರ್ಬಂಧವು ಕಂಪನಿಯನ್ನಾಗಲಿ ಷೇರುದಾರರನ್ನಾಗಲಿ ಕಟ್ಟಿಹಾಕಲಾರದು ಎಂದು ನ್ಯಾಯಾಲಯ ಹೇಳಿತು.

ಇದರ ಹಿಂದಿನ ತರ್ಕ ಕಂಪನಿಯ ಬಗೆಯಲ್ಲೇ ಇದೆ. 2013ರ ಕಂಪನಿ ಕಾಯ್ದೆಯ ಕಲಂ 2(68)ರ ಪ್ರಕಾರ ಷೇರು ವರ್ಗಾವಣೆಯ ಹಕ್ಕನ್ನು ನಿರ್ಬಂಧಿಸುವುದು ಖಾಸಗಿ ಕಂಪನಿಯ ಲಕ್ಷಣ. ಆದರೆ ಆ ನಿರ್ಬಂಧವನ್ನು ಹಾಕಬೇಕಾದದ್ದು ಆರ್ಟಿಕಲ್ಸ್ ಮೂಲಕವೇ ಎಂದು ಅದೇ ಕಲಂ ಹೇಳುತ್ತದೆ. ಮೆಮೊರಾಂಡಂ ಇಲ್ಲಿ ನೆರವಿಗೆ ಬಾರದು. ಅದು ಹೆಸರು, ನೋಂದಾಯಿತ ಕಚೇರಿಯ ರಾಜ್ಯ, ಉದ್ದೇಶ, ಹೊಣೆಗಾರಿಕೆ ಮತ್ತು ಬಂಡವಾಳವನ್ನು ಹೇಳುವ ದಾಖಲೆ. ಸದಸ್ಯರ ನಡುವಿನ ಒಳಾಡಳಿತ ಆರ್ಟಿಕಲ್ಸ್‌ನ ಪಾಲು. ಕಲಂ 10ರಂತೆ ನೋಂದಣಿಯಾದ ಈ ಎರಡು ದಾಖಲೆಗಳು, ಪ್ರತಿಯೊಬ್ಬ ಸದಸ್ಯ ಸಹಿ ಹಾಕಿದ್ದರೆ ಹೇಗೋ ಹಾಗೆ, ಕಂಪನಿಯನ್ನೂ ಸದಸ್ಯರನ್ನೂ ಬಂಧಿಸುತ್ತವೆ. ಮನೆಯೊಳಗಿನ ಮಾತಿಗೆ ಆ ಬಲವಿಲ್ಲ.

ನಿಮ್ಮ ಉದಾಹರಣೆಯ ಕುಟುಂಬಗಳು ಈಗಲೂ ಇದನ್ನು ಸರಿಪಡಿಸಿಕೊಳ್ಳಬಹುದು. ಕಲಂ 14ರಡಿ ವಿಶೇಷ ನಿರ್ಣಯದಿಂದ, ಅಂದರೆ ವಿರುದ್ಧ ಮತಗಳ ಮೂರರಷ್ಟಕ್ಕೆ ಕಡಿಮೆಯಿಲ್ಲದ ಮತಗಳಿಂದ, ಆರ್ಟಿಕಲ್ಸ್ ತಿದ್ದಿ ರಿಜಿಸ್ಟ್ರಾರ್ ಬಳಿ ದಾಖಲಿಸಬೇಕು. ಪಾಲು ಅರ್ಧರ್ಧ ಇರುವಾಗ ಒಂದು ಕುಟುಂಬ ವಿರೋಧಿಸಿದರೆ ನಿರ್ಣಯ ಬಿದ್ದುಹೋಗುತ್ತದೆ. ಆದ್ದರಿಂದ ಮನಸ್ತಾಪ ಬರುವ ಮೊದಲೇ ಈ ಕೆಲಸ ಮುಗಿಸುವುದು ಒಳಿತು. ನಿಯಮದಲ್ಲಿ ‘ಮೊದಲು ಕುಟುಂಬಕ್ಕೆ’ ಎಂದಷ್ಟೇ ಬರೆದರೆ ಸಾಲದು. ಯಾರಿಗೆ ನೋಟಿಸ್ ಕೊಡಬೇಕು, ಎಷ್ಟು ದಿನ ಕಾಯಬೇಕು, ಬೆಲೆಯನ್ನು ಯಾರು ಕಟ್ಟಬೇಕು ಎಂಬುದೂ ಇರಬೇಕು; ನನ್ನ ದೃಷ್ಟಿಯಲ್ಲಿ ಬೆಲೆಯ ವಿಷಯ ಬಿಟ್ಟುಹೋದ ನಿಯಮ ಇನ್ನೊಂದು ವ್ಯಾಜ್ಯಕ್ಕೆ ದಾರಿ.

ಮುಂದೆ ಒಂದು ಕಡೆಯವರ ಬಳಿ ಮುಕ್ಕಾಲು ಪಾಲು ಮತ ಸೇರಿದರೆ ಅವರು ಈ ನಿಯಮವನ್ನೇ ತೆಗೆದುಹಾಕಬಹುದಲ್ಲವೇ ಎಂಬ ಆತಂಕ ನ್ಯಾಯವಾದದ್ದೇ. ಅದಕ್ಕಾಗಿ ಕಲಂ 5, ವಿಶೇಷ ನಿರ್ಣಯಕ್ಕಿಂತ ಕಠಿಣವಾದ ಷರತ್ತು ಪೂರೈಸದೆ ಇಂಥ ನಿಯಮವನ್ನು ಬದಲಿಸಲಾಗದಂತೆ ಭದ್ರಪಡಿಸಲು ಅವಕಾಶ ಕೊಡುತ್ತದೆ. ಆದರೆ ಕಂಪನಿ ಸ್ಥಾಪನೆಯಾದ ಮೇಲೆ ಆ ಭದ್ರತೆ ಸೇರಿಸಲು ಖಾಸಗಿ ಕಂಪನಿಯ ಎಲ್ಲ ಸದಸ್ಯರೂ ಒಪ್ಪಬೇಕು.

ಸಾರ್ವಜನಿಕ ಕಂಪನಿಯ ಸಂಗತಿ ಬೇರೆ. ಕಲಂ 58(2)ರಂತೆ ಅಲ್ಲಿ ಷೇರುಗಳು ಮುಕ್ತವಾಗಿ ವರ್ಗಾವಣೆಯಾಗುತ್ತವೆ. ವರ್ಗಾವಣೆಯ ಬಗ್ಗೆ ಷೇರುದಾರರು ತಮ್ಮಲ್ಲಿ ಮಾಡಿಕೊಂಡ ಏರ್ಪಾಡನ್ನು ಕರಾರಾಗಿ ಜಾರಿಗೊಳಿಸಬಹುದೆಂದು ಅದೇ ಉಪಕಲಂನ ಪರಂತುಕ ಹೇಳುತ್ತದೆ. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದಾಗ ಕಂಪನಿ ಯಾವ ಬಗೆಯದೆಂದು ಮೊದಲು ಗುರುತಿಸಿ, ಬಳಿಕ ರಂಗರಾಜ್ ತೀರ್ಪನ್ನು ಅನ್ವಯಿಸಿ.